ಒಂದೇ ಕಾಲಿನ ಎರಡು ಗಾಯಗಳು

ಗದಗ ಸೀಮೆಯ ಎರೆ ಭೂಮಿಯಲ್ಲಿ ಹಿಂಗಾರಿ ಜೋಳದ ಸುಗ್ಗಿ ಬಂತೆಂದರೆ ಕುಡುಗೋಲಿನ ಗಾಯಗಳೂ ಬರುತ್ತವೆ. ಅಸುಂಡಿಯ ಹೊಲವೊಂದರಲ್ಲಿ ಜೋಳ ಕೊಯ್ಯುತ್ತಿರುವ ತಾಯಿಯೊಬ್ಬಳನ್ನು ನಾವು ನಿದರ್ಶನಕ್ಕಾಗಿ ಕಣ್ಣ ಮುಂದೆ ತಂದುಕೊಳ್ಳೋಣ. ದಂಟಿಗೆ ಬೀಸಿದ ಕುಡುಗೋಲು ಜಾರಿ ಎಡಗಾಲಿನ ಮುಂಗಾಲಿಗೆ ತಾಗಿತು. ಎರಡು ಅಂಗುಲ ಉದ್ದಕ್ಕೆ ಚರ್ಮ ಸೀಳಿ ಬಾಯಿ ತೆರೆಯಿತು. ಗಾಬರಿಯಿಂದ ಹಿಂದೆ ಸರಿಯುವಾಗ ಆಕೆ ಗಟ್ಟಿ ಹೆಂಟೆಗಳ ಮೇಲೆ ಬಿದ್ದು, ಅದೇ ಕಾಲಿನ ಮೊಣಕಾಲು ಅಂಗೈಯಗಲ ತರಚಿತು. ನೋಡುವವರಿಗೆ ತರಚಿದ ಗಾಯವೇ ದೊಡ್ಡದಾಗಿ ಕಾಣುತ್ತದೆ. ಆದರೆ ಅದು ಹತ್ತು ದಿನಗಳೊಳಗೆ ಬಹುಮಟ್ಟಿಗೆ ಗುರುತಿಲ್ಲದಂತೆ ಮಾಯುತ್ತದೆ. ಸೀಳಿದ ಗಾಯವು ಜೀವನಪರ್ಯಂತ ಕಲೆಯೊಂದನ್ನು ಬಿಟ್ಟುಹೋಗುತ್ತದೆ. ಒಂದೇ ಕಾಲು, ಒಂದೇ ದಿನ, ಒಂದೇ ಮಣ್ಣು. ಆದರೂ ಫಲ ಏಕೆ ಬೇರೆ? ಇದಕ್ಕೆ ಉತ್ತರವನ್ನು ಚರ್ಮದ ರಚನೆಯಲ್ಲಿ ಹುಡುಕಬೇಕು.

ಚರ್ಮವು ದೇಹಕ್ಕೆ ಹೊದಿಸಿದ ಬಟ್ಟೆಯಲ್ಲ. ಹೃದಯ, ಮೂತ್ರಪಿಂಡಗಳಂತೆ ಅದೂ ಒಂದು ಅಂಗ. ಪ್ರಾಯದವರಲ್ಲಿ ಅದರ ಹರವು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರು. ಅದರಲ್ಲಿ ಎರಡು ಮುಖ್ಯ ಪದರಗಳಿವೆ. ಮೇಲಿನದು ತೆಳುವಾದ ಹೊರಚರ್ಮ, ಅದರಲ್ಲಿ ರಕ್ತನಾಳಗಳಿಲ್ಲ. ಕೆಳಗಿನದು ದಪ್ಪನಾದ ಒಳಚರ್ಮ. ಕಾಲಜನ್ ಎಂಬ ಗಟ್ಟಿ ನಾರುಗಳು, ರಕ್ತನಾಳಗಳು, ನರಗಳು, ಕೂದಲಿನ ಬುಡಗಳು ಮತ್ತು ಬೆವರಿನ ಗ್ರಂಥಿಗಳು ಇರುವುದು ಇಲ್ಲಿಯೇ. ಆ ತಾಯಿಯ ಮೊಣಕಾಲಿನಲ್ಲಿ ಹರಿದದ್ದು ಹೊರಚರ್ಮ ಮತ್ತು ಒಳಚರ್ಮದ ಮೇಲ್ಭಾಗ ಮಾತ್ರ. ಕುಡುಗೋಲಾದರೋ ಎರಡೂ ಪದರಗಳನ್ನು ದಾಟಿ ಕೆಳಗಿನ ಕೊಬ್ಬಿನವರೆಗೆ ಇಳಿದಿದೆ.

ಗಾಯವಾದಾಗ ನಾವು ಕಳೆದುಕೊಳ್ಳುವುದೇನೆಂಬುದನ್ನು ಮೊದಲು ತಿಳಿಯೋಣ. ಹೊರಚರ್ಮದ ತುದಿಯಲ್ಲಿ ಸತ್ತ ಕೋಶಗಳ ಹದಿನೈದು ಇಪ್ಪತ್ತು ಸಾಲುಗಳು ಚಪ್ಪಟೆಯಾಗಿ ಒಂದರ ಮೇಲೊಂದು ಒತ್ತಿಕೊಂಡಿವೆ. ಇವು ಗೋಡೆಯ ಇಟ್ಟಿಗೆಗಳಿದ್ದಂತೆ. ಅವುಗಳ ನಡುವೆ ಗಾರೆಯಂತೆ ತುಂಬಿಕೊಂಡಿರುವುದು ಮೇದಸ್ಸು, ಅಂದರೆ ಜಿಡ್ಡಿನ ಪದಾರ್ಥ. ಇಟ್ಟಿಗೆಗಳು ಬುಡದಲ್ಲಿ ಹುಟ್ಟಿ, ಮೇಲಕ್ಕೆ ಸರಿದು, ಸುಮಾರು ನಾಲ್ಕು ವಾರಗಳಲ್ಲಿ ಉದುರಿಹೋಗುತ್ತವೆ. ಗೋಡೆ ಮಾತ್ರ ಸದಾ ಹೊಸದಾಗಿರುತ್ತದೆ. ಒಳಗಿನ ನೀರನ್ನು ಹೊರಹೋಗಗೊಡದೆ, ಹೊರಗಿನ ಸೂಕ್ಷ್ಮಜೀವಿಗಳನ್ನು ಒಳಬರಗೊಡದೆ ಕಾಯುವುದು ಇದರ ಕೆಲಸ. ಚರ್ಮದ ಮೇಲ್ಮೈ ತುಸು ಹುಳಿಯಾಗಿರುವುದೂ ಈ ಕಾವಲಿನ ಒಂದು ಭಾಗ. ರೋಗ ತರುವ ಅನೇಕ ಬ್ಯಾಕ್ಟೀರಿಯಗಳು ಆ ಹುಳಿಯಲ್ಲಿ ಸುಲಭವಾಗಿ ಬೆಳೆಯಲಾರವು. ಕಾರದ ಸೋಪಿನಿಂದ ಮೇಲಿಂದ ಮೇಲೆ ಉಜ್ಜಿದರೆ ಹುಳಿಯೂ ಜಿಡ್ಡೂ ತೊಳೆದುಹೋಗುತ್ತವೆ. ಅಂಗಾಲಿನಲ್ಲಿ ಜಿಡ್ಡಿನ ಗ್ರಂಥಿಗಳೇ ಇಲ್ಲ. ಆದುದರಿಂದಲೇ ಬರಿಗಾಲಿನಲ್ಲಿ ದುಡಿಯುವವರ ಹಿಮ್ಮಡಿ ಒಣಗಿ, ಬಾಗುವ ಗುಣ ಕಳೆದುಕೊಂಡು, ಭಾರ ಬಿದ್ದಾಗ ಒಡೆಯುತ್ತದೆ. ಹಿಮ್ಮಡಿಯ ಆಳವಾದ ಬಿರುಕೂ ಒಂದು ಗಾಯವೇ ಎಂಬುದನ್ನು ನಾವು ಮರೆಯಬಾರದು.

ಈ ಗೋಡೆಗೆ ಇಪ್ಪತ್ತರಿಂದ ನಲವತ್ತು ಲಕ್ಷ ಸಣ್ಣ ಕಿಂಡಿಗಳಿವೆ. ಅವೇ ಬೆವರಿನ ರಂಧ್ರಗಳು. ಒಂದೊಂದು ಗ್ರಂಥಿಯೂ ಒಳಚರ್ಮದ ಆಳದಲ್ಲಿ ನೂಲಿನ ಉಂಡೆಯಂತೆ ಸುತ್ತಿಕೊಂಡು, ಅಲ್ಲಿಂದ ಒಂದು ನಾಳವಾಗಿ ಮೇಲಕ್ಕೇರಿ ಹೊರಗೆ ತೆರೆಯುತ್ತದೆ. ಉಂಡೆಯಲ್ಲಿ ಉಪ್ಪುಭರಿತ ದ್ರವ ಉತ್ಪತ್ತಿಯಾಗುತ್ತದೆ. ನಾಳದಲ್ಲಿ ಮೇಲೇರುವಾಗ ಆ ಉಪ್ಪಿನ ಬಹುಪಾಲನ್ನು ದೇಹ ಮರಳಿ ಹೀರಿಕೊಳ್ಳುತ್ತದೆ. ಬಿಸಿಲಿನಲ್ಲಿ ಒಂದೆರಡು ವಾರ ದುಡಿದವರ ಬೆವರು ಮೊದಲಿಗಿಂತ ಹೆಚ್ಚು ಹರಿಯುತ್ತದೆ, ಆದರೆ ಅದರಲ್ಲಿ ಉಪ್ಪು ಕಡಿಮೆ ಇರುತ್ತದೆ. ಒಂದು ಲೀಟರು ಬೆವರು ಮೈಮೇಲೆಯೇ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದ ಬೆವರಿನಿಂದ ಈ ತಂಪು ದೊರೆಯದು.

ಬೆವರಿನ ಗ್ರಂಥಿಗೆ ಇನ್ನೊಂದು ಕಾಯಕವೂ ಇದೆ. ನಮ್ಮ ಪ್ರಶ್ನೆಯ ಉತ್ತರ ಅಡಗಿರುವುದು ಅದರಲ್ಲಿ. ಮೊಣಕಾಲು ತರಚಿದಾಗ ಮೇಲಿನ ಪದರ ಹೋಯಿತಾದರೂ, ಕೂದಲಿನ ಬುಡಗಳೂ ಬೆವರಿನ ನಾಳಗಳೂ ಒಳಚರ್ಮದಲ್ಲಿ ಉಳಿದುಕೊಂಡವು. ಅವುಗಳ ಒಳಗೋಡೆಯ ಕೋಶಗಳು ಮೇಲೆದ್ದು ಬಂದು, ಹರಡಿ, ಹೊಸ ಹೊರಚರ್ಮವನ್ನು ಕಟ್ಟುತ್ತವೆ. ಅಂಗೈಯಗಲದ ಗಾಯದಲ್ಲಿ ಇಂತಹ ನೂರಾರು ನೆಲೆಗಳಿಂದ ಏಕಕಾಲಕ್ಕೆ ಚರ್ಮ ಮೊಳೆಯುತ್ತದೆ. ಕೂಳೆಯ ಬುಡದಿಂದ ಹೊಸ ಚಿಗುರು ಒಡೆಯುವಂತೆ. ಹೊಲದ ಕೂಳೆಯನ್ನೇ ಕಿತ್ತು ತೆಗೆದರೆ ಚಿಗುರು ಎಲ್ಲಿಂದ ಬಂದೀತು? ಒಳಚರ್ಮವೂ ನಾಶವಾದ ಆಳದ ಗಾಯದಲ್ಲಿ ಆಗುವುದು ಇದೇ. ಅಲ್ಲಿ ಹೊಸ ಚರ್ಮವು ಅಂಚಿನಿಂದ ಮಾತ್ರ ತೆವಳಿಬರಬೇಕು. ಸೀಳು ಕಿರಿದಾಗಿದ್ದರೆ ಹೊಲಿಗೆ ಹಾಕಿ ಅಂಚುಗಳನ್ನು ಹತ್ತಿರ ತರಬಹುದು. ಅಗಲವಾದ ಆಳದ ಸುಟ್ಟ ಗಾಯವಾದರೆ ಬೇರೆಡೆಯ ಚರ್ಮವನ್ನು ತೆಗೆದು ಕಸಿ ಮಾಡಬೇಕಾಗುತ್ತದೆ. ಕಲೆಯಾದ ಜಾಗದಲ್ಲಿ ಬೆವರಿನ ಗ್ರಂಥಿಗಳು ಮತ್ತೆ ಹುಟ್ಟುವುದಿಲ್ಲ. ಮೈಯ ಬಹುಭಾಗ ಆಳವಾಗಿ ಸುಟ್ಟು ಬದುಕುಳಿದವರು ಬೇಸಿಗೆಯ ಬಿಸಿಲನ್ನು ತಾಳಲಾರದೆ ಹೋಗುವುದು ಈ ಕಾರಣಕ್ಕೆ.

ಈಗ ಮುಂಗಾಲಿನ ಸೀಳು ಗಾಯ ಮಾಯುವ ಬಗೆಯನ್ನು ದಿನದ ಲೆಕ್ಕದಲ್ಲಿ ನೋಡೋಣ.

ಮೊದಲ ಹಂತ ರಕ್ತ ಕಟ್ಟುವುದು. ಇದು ನಿಮಿಷಗಳ ಕೆಲಸ. ಕತ್ತರಿಸಿದ ರಕ್ತನಾಳ ಸಂಕುಚಿಸುತ್ತದೆ, ಪ್ಲೇಟ್‌ಲೆಟ್ಟುಗಳು ಬಂದು ಅಂಟಿಕೊಳ್ಳುತ್ತವೆ, ಫೈಬ್ರಿನ್ ಎಂಬ ನೂಲು ಬಲೆ ಹೆಣೆಯುತ್ತದೆ. ನಾವು ಮಾಡಬೇಕಾದುದು ಒಂದೇ: ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯುವುದು. ನಡುನಡುವೆ ಎತ್ತಿ ನೋಡಿದರೆ ಹೆಣೆದ ಬಲೆ ಹರಿಯುತ್ತದೆ. ರಕ್ತ ನಿಂತ ಮೇಲೆ ಕುಡಿಯುವ ನೀರನ್ನು ಧಾರಾಳವಾಗಿ ಸುರಿದು ಮಣ್ಣು ಕಸವನ್ನು ತೊಳೆಯಬೇಕು.

ಎರಡನೆಯ ಹಂತ ಉರಿಯೂತ. ಮೊದಲ ಮೂರು ನಾಲ್ಕು ದಿನಗಳದು. ಬಿಳಿ ರಕ್ತಕಣಗಳು ಬಂದು ಬ್ಯಾಕ್ಟೀರಿಯಗಳನ್ನೂ ಸತ್ತ ಕೋಶಗಳನ್ನೂ ತಿಂದು ಸ್ವಚ್ಛಗೊಳಿಸುತ್ತವೆ. ಗಾಯದ ಸುತ್ತ ತುಸು ಕೆಂಪು, ಬಾವು, ಬಿಸಿ, ನೋವು ಕಾಣುವುದು ಈ ಕೆಲಸ ನಡೆದಿದೆ ಎಂಬುದರ ಸೂಚನೆ, ಅದಕ್ಕೆ ಹೆದರಬೇಕಾಗಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಇವೆಲ್ಲ ಇಳಿಯತೊಡಗಬೇಕು. ಇಳಿಯುವ ಬದಲು ಕೆಂಪು ಹರಡಿದರೆ, ನೋವು ಹೆಚ್ಚಿದರೆ, ಕೀವು, ದುರ್ವಾಸನೆ, ಜ್ವರ ಕಂಡರೆ, ತೊಡೆಸಂದಿನ ಕಡೆಗೆ ಕೆಂಪು ಗೆರೆ ಏರಿದರೆ ಸೋಂಕು ತಗಲಿದೆ ಎಂದು ತಿಳಿದು ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಮೂರನೆಯ ಹಂತ ತುಂಬಿಕೊಳ್ಳುವುದು. ಸುಮಾರು ನಾಲ್ಕನೆಯ ದಿನದಿಂದ ಎರಡು ಮೂರು ವಾರಗಳವರೆಗೆ. ಹೊಸ ಸೂಕ್ಷ್ಮ ರಕ್ತನಾಳಗಳು ಹುಟ್ಟುತ್ತವೆ, ಹೊಸ ಕಾಲಜನ್ ನೂಲು ತಯಾರಾಗುತ್ತದೆ, ಅಂಚುಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ. ಹೊಲಿಗೆಯಿಲ್ಲದೆ ತೆರೆದ ಗಾಯದ ತಳದಲ್ಲಿ ಹಸಿ ಕೆಂಪಾದ, ಹರಳು ಹರಳಾದ ಮಾಂಸ ಕಂಡರೆ ಅದು ಶುಭಲಕ್ಷಣ. ತಳ ಬಿಳಚಿಕೊಂಡಿದ್ದರೆ ಅಥವಾ ಕಪ್ಪಾಗಿದ್ದರೆ ರಕ್ತಸಂಚಾರ ಸಾಲದೆಂದು ಅರ್ಥ. ಅಂಚಿನ ಹೊರಚರ್ಮದ ಕೋಶಗಳು ತೇವದಲ್ಲಿ ಮಾತ್ರ ಸಲೀಸಾಗಿ ತೆವಳಬಲ್ಲವು. ಗಾಯ ಒಣಗಿ ಹಕ್ಕಳೆ ಕಟ್ಟಿದರೆ ಅವು ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕಾಗುತ್ತದೆ. ಮುಚ್ಚಿ ತೇವವಾಗಿಟ್ಟ ಮೇಲ್ಮಟ್ಟದ ಗಾಯವು ಗಾಳಿಗೆ ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಚರ್ಮ ಕಟ್ಟುತ್ತದೆಂದು ಜಾರ್ಜ್ ವಿಂಟರ್ ಎಂಬ ಸಂಶೋಧಕರು 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಗಾಳಿಗೆ ಬಿಟ್ಟರೆ ಗಾಯ ಬೇಗ ಮಾಯುತ್ತದೆಂಬ ನಮ್ಮ ರೂಢಿಯ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗಿದೆ. ಮೊಣಕಾಲಿನ ತರಚಿಗೆ ಚೆನ್ನಾಗಿ ತೊಳೆದು, ತೆಳುವಾಗಿ ವ್ಯಾಸಲೀನ್ ಲೇಪಿಸಿ, ಶುದ್ಧವಾದ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸಿದರೆ ಸಾಕು.

ನಾಲ್ಕನೆಯದು ಗಟ್ಟಿಯಾಗುವ ಹಂತ. ಮೂರನೆಯ ವಾರದಿಂದ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಅವಸರದಲ್ಲಿ ಹಾಕಿದ ಕಾಲಜನ್ನನ್ನು ದೇಹ ಬಿಚ್ಚಿ, ಎಳೆತ ಬೀಳುವ ದಿಕ್ಕಿಗೆ ಅನುಗುಣವಾಗಿ ಮತ್ತೆ ನೇಯುತ್ತದೆ. ಹೊರಗಿನಿಂದ ಕೂಡಿಕೊಂಡಂತೆ ಕಾಣುವ ಗಾಯ ಒಳಗೆ ಎಷ್ಟು ದುರ್ಬಲವೆಂಬುದನ್ನು ಇಲ್ಲಿ ಗಮನಿಸಬೇಕು. ಒಂದು ವಾರದಲ್ಲಿ ಅದರ ಬಲ ಮೂಲ ಚರ್ಮದ ನೂರರಲ್ಲಿ ಸುಮಾರು ಮೂರು ಪಾಲು ಮಾತ್ರ. ಮೂರು ವಾರಗಳಲ್ಲಿ ಇಪ್ಪತ್ತು ಮೂವತ್ತು ಪಾಲು. ಮೂರು ತಿಂಗಳಾದ ಮೇಲೆ ಎಂಬತ್ತು ಪಾಲು. ಅದಕ್ಕಿಂತ ಮುಂದೆ ಅದು ಏರುವುದಿಲ್ಲ. ಕಾಲಿನ ಹೊಲಿಗೆಯನ್ನು ಹತ್ತರಿಂದ ಹದಿನಾಲ್ಕು ದಿನ ಬಿಡುವುದು ಇದಕ್ಕಾಗಿಯೇ. ಹೊಲಿಗೆ ಬಿಚ್ಚಿದ ಮರುದಿನವೇ ಸಿವುಡು ಹೊರಲು ಹೋದರೆ ಗಾಯ ಮತ್ತೆ ಬಾಯಿ ಬಿಟ್ಟೀತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಈ ಲೇಖನದಲ್ಲಿ ಓದುಗರು ಮರೆಯಬಾರದ ಮಾತು ಅದೇ. ಧನುರ್ವಾಯುವಿನ ಬೀಜಕಣಗಳು ಹೊಲದ ಮಣ್ಣಿನಲ್ಲಿಯೂ ದನಗಳ ಸಗಣಿಯಲ್ಲಿಯೂ ಇರುತ್ತವೆ. ಅವು ಗಾಳಿಯಾಡದ ಆಳದ ಗಾಯದಲ್ಲಿ ಮೊಳೆತು ವಿಷವನ್ನು ಸ್ರವಿಸುತ್ತವೆ. ಗಾಯವಾದ ಮೂರರಿಂದ ಇಪ್ಪತ್ತೊಂದು ದಿನಗಳೊಳಗೆ ಸಾಮಾನ್ಯವಾಗಿ ಮೊದಲು ದವಡೆ ಬಿಗಿಯುತ್ತದೆ, ಬಾಯಿ ತೆರೆಯಲಾಗದು. ಮುಂದೆ ಮೈಯೆಲ್ಲ ಸೆಟೆಯುತ್ತದೆ. ಬಂದ ಮೇಲೆ ಗುಣಪಡಿಸುವುದು ಬಲು ಕಠಿಣ. ತಡೆಯುವುದು ಒಂದು ಚುಚ್ಚುಮದ್ದಿನ ಕೆಲಸ. ಹಿಂದೆ ಕ್ರಮವಾಗಿ ಮೂರು ಚುಚ್ಚುಮದ್ದು ಪಡೆದವರಿಗೆ, ಮಣ್ಣು ತಗಲಿದ ಗಾಯವಾದಾಗ ಕೊನೆಯ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ಇನ್ನೊಂದು ಬೇಕು. ಎಂದೂ ಪಡೆಯದವರಿಗೆ, ಪಡೆದ ನೆನಪಿಲ್ಲದವರಿಗೆ ಅದರೊಂದಿಗೆ ಸಿದ್ಧ ಪ್ರತಿವಿಷವನ್ನೂ ಕೊಡಬೇಕಾಗುತ್ತದೆ. ಆದುದರಿಂದ ನಮ್ಮ ನಿದರ್ಶನದ ತಾಯಿಯನ್ನು ಸಂಜೆಯವರೆಗೆ ಹೊಲದಲ್ಲಿ ಕೂರಿಸದೆ, ಆರೆಂಟು ಗಂಟೆಗಳೊಳಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಗದಗಿನ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ದು ಹೊಲಿಗೆ ಹಾಗೂ ಚುಚ್ಚುಮದ್ದು ಎರಡನ್ನೂ ಮಾಡಿಸಬೇಕು.

ಗಾಯಕ್ಕೆ ಸುಣ್ಣ, ಕಾಫಿಪುಡಿ, ಅಡುಗೆಯ ಅರಿಸಿನ ತುಂಬುವ ರೂಢಿ ನಮ್ಮಲ್ಲಿದೆ. ಸುಣ್ಣ ಹೊಸ ಕೋಶಗಳನ್ನು ಸುಡುತ್ತದೆ. ಪುಡಿಗಳು ಕಸವಾಗಿ ಒಳಗೆ ಕೂರುತ್ತವೆ. ಭಕ್ತಿಯಿಂದ ವಿಭೂತಿಯನ್ನು ಗಾಯದೊಳಗೆ ಒತ್ತುವವರೂ ಇದ್ದಾರೆ. ಸಗಣಿಯ ಬೂದಿಯನ್ನು ಹಸುಗೂಸಿನ ಹೊಕ್ಕುಳಿಗೆ ಹಚ್ಚಿದ್ದರಿಂದ ಕೂಸುಗಳು ಧನುರ್ವಾಯುವಿಗೆ ಬಲಿಯಾದ ಉದಾಹರಣೆಗಳನ್ನು ವೈದ್ಯಶಾಸ್ತ್ರ ಬಲ್ಲದು. ಸುಟ್ಟದ್ದರಿಂದ ಬೂದಿ ಶುದ್ಧವಾಗಿದ್ದರೂ, ಇಟ್ಟ ಕರಡಿಗೆ, ಮುಟ್ಟಿದ ಕೈ, ಕೂಡಿದ ಧೂಳು ಶುದ್ಧವಾಗಿರುವುದಿಲ್ಲ. ವಿಭೂತಿಯನ್ನು ಧರಿಸಬೇಕಾದ ಸ್ಥಾನಗಳು ಅಖಂಡವಾದ ಚರ್ಮದ ಮೇಲಿವೆ. ತೆರೆದ ಗಾಯ ಅವುಗಳಲ್ಲಿ ಒಂದಲ್ಲ. ಹಾಗೆಂದು ಹಿರಿಯರಿಗೆ ನಾವು ಮೃದುವಾಗಿ ತಿಳಿಯಹೇಳಬೇಕು.

ಮೂರು ನಾಲ್ಕು ವಾರಗಳಾದರೂ ಮಾಯದ ಗಾಯವಿದ್ದರೆ ಅದಕ್ಕೆ ಬೇರೆ ಬೇರೆ ಮುಲಾಮು ಹಚ್ಚುತ್ತ ಕಾಲ ಕಳೆಯದೆ, ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ಆ ಭಾಗಕ್ಕೆ ಸ್ಪರ್ಶಜ್ಞಾನವಿದೆಯೇ ಎಂದು ನೋಡಿಸಿಕೊಳ್ಳಬೇಕು. ಮಾಯುವ ಶಕ್ತಿ ದೇಹದಲ್ಲಿಯೇ ಇರುವಾಗ ಅದನ್ನು ತಡೆದ ಕಾರಣವೂ ಅನೇಕ ವೇಳೆ ದೇಹದ ಒಳಗೆಯೇ ಇರುತ್ತದೆ.