ಮುಖ್ಯ ಶಿಕ್ಷಕರಿಗೊಂದು ಅರ್ಜಿ: ಮಗಳ ಹೆಸರು ಸರಿಪಡಿಸಿಕೊಡಿ

ಒಂದನೇ ತರಗತಿಗೆ ಸೇರಿಸುವ ದಿನ ಹೆಸರು ಬರೆಸುವುದು ಐದು ನಿಮಿಷದ ಕೆಲಸ. ಮನೆಯವರು ಬಾಯಲ್ಲಿ ಹೇಳುತ್ತಾರೆ, ಮೇಷ್ಟ್ರು ಬರೆದುಕೊಳ್ಳುತ್ತಾರೆ. ಕನ್ನಡದಲ್ಲಿ ‘ಚೈತ್ರಾ’ ಅಷ್ಟಾಗಿ ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅದು Chaitra ಆಗಬಹುದು, Chaithra ಆಗಬಹುದು. ಅಪ್ಪನ ಹೆಸರಿನ ಇನಿಷಿಯಲ್ ಹಿಂದು ಮುಂದಾಗಬಹುದು, ಬಿಟ್ಟೇ ಹೋಗಬಹುದು. ಇದು ಕಣ್ಣಿಗೆ ಬೀಳುವುದು ವರ್ಷಗಳ ನಂತರ, ಅಪಾರ್ ಐಡಿ ಮಾಡಿಸಲು ಹೋದಾಗ ಆಧಾರ್‌ನ ಹೆಸರಿಗೂ ಶಾಲೆಯ ಹೆಸರಿಗೂ ತಾಳೆಯಾಗದೆ ಕೆಲಸ ನಿಂತಾಗ.

ಆಗ ಶಾಲೆಯವರು ‘ಒಂದು ಅರ್ಜಿ ಕೊಡಿ’ ಎನ್ನುತ್ತಾರೆ. ಅರ್ಜಿ ಬರೆಯಲು ಕೂರುವ ಮೊದಲು ಯಾವ ದಾಖಲೆ ಸರಿ, ಯಾವುದು ತಪ್ಪು ಎಂದು ತೀರ್ಮಾನಿಸಬೇಕು. ಅನೇಕರು ಆಧಾರ್ ಕಾರ್ಡನ್ನೇ ಆಧಾರವಾಗಿಟ್ಟುಕೊಂಡು ಶಾಲೆಯ ಹೆಸರನ್ನು ತಿದ್ದಿಸಲು ಹೊರಡುತ್ತಾರೆ. ನನ್ನ ಪ್ರಕಾರ ಮೊದಲು ಬಿಚ್ಚಬೇಕಾದದ್ದು ಜನನ ಪ್ರಮಾಣಪತ್ರ. ಅದರಲ್ಲಿ ಹೆಸರು ಸರಿಯಿದ್ದರೆ ಶಾಲೆ, ಆಧಾರ್ ಎರಡನ್ನೂ ಅದಕ್ಕೆ ಹೊಂದಿಸಬೇಕು. ಅದರಲ್ಲೇ ತಪ್ಪಿದ್ದರೆ ಅಥವಾ ಹೆಸರಿನ ಜಾಗ ಖಾಲಿಯಿದ್ದರೆ ಮೊದಲು ಜನನ ನೋಂದಣಾಧಿಕಾರಿಯ ಬಳಿ ಹೋಗಬೇಕು, ಆಮೇಲೆ ಶಾಲೆಗೆ.

ಇನ್ನೊಂದು ವಿಷಯ, ನಾವು ಕೇಳುತ್ತಿರುವುದು ತಿದ್ದುಪಡಿಯೋ ಬದಲಾವಣೆಯೋ ಎಂಬುದು. ಪ್ರಮಾಣಪತ್ರದಲ್ಲಿ Chaitra ಇದ್ದು ಶಾಲೆಯಲ್ಲಿ Chaithra ಆಗಿದ್ದರೆ ಅದು ತಿದ್ದುಪಡಿ. ಚೈತ್ರಾ ಎಂಬ ಹೆಸರು ಬೇಡ, ಚಿನ್ಮಯಿ ಇರಲಿ ಎಂದರೆ ಅದು ಬದಲಾವಣೆ. ಸಿಬಿಎಸ್‌ಇ ಅಂಕಪಟ್ಟಿಗಳ ಬಗ್ಗೆ 2021ರಲ್ಲಿ ಜಿಗ್ಯಾ ಯಾದವ್ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಕೂಡ ಈ ಎರಡನ್ನೂ ಬೇರೆಬೇರೆಯಾಗಿಯೇ ನೋಡಿತು. ದಾಖಲೆಯ ಬೆಂಬಲವಿಲ್ಲದೆ ಸ್ವಂತ ಇಷ್ಟದಿಂದ ಹೊಸ ಹೆಸರು ಇಟ್ಟುಕೊಂಡವರು ನ್ಯಾಯಾಲಯದ ಆದೇಶವನ್ನೂ ಗೆಜೆಟ್ ಪ್ರಕಟಣೆಯನ್ನೂ ತರಬೇಕು ಎಂದಿತು. ಆದ್ದರಿಂದ ಅರ್ಜಿಯ ವಿಷಯದ ಸಾಲಿನಲ್ಲಿ ‘ಹೆಸರು ಬದಲಾವಣೆ’ ಎಂದು ಬರೆದು ಇಲ್ಲದ ತೊಡಕನ್ನು ಎಳೆದುಕೊಳ್ಳಬೇಡಿ.

ಇನ್ನು ಪತ್ರ. ‘ನಾವು ಬಡವರು, ಓದು ಬರಹ ತಿಳಿಯದವರು, ದೊಡ್ಡ ಮನಸ್ಸು ಮಾಡಿ’ ಎಂದು ಅರ್ಧ ಪುಟ ತುಂಬಿಸುವವರಿದ್ದಾರೆ. ಕಡತದಲ್ಲಿ ಅದರಿಂದ ಏನೂ ಆಗದು. ಮುಖ್ಯ ಶಿಕ್ಷಕರಿಗೆ ಬೇಕಾದದ್ದು ನಾಳೆ ಯಾರಾದರೂ ‘ಏಕೆ ತಿದ್ದಿದಿರಿ’ ಎಂದು ಕೇಳಿದರೆ ತೋರಿಸಬಹುದಾದ ಕಾಗದ. ಪತ್ರದ ನಡುಭಾಗ ಹೀಗಿದ್ದರೆ ಸಾಕು:

‘ವಿಷಯ: ಶಾಲಾ ದಾಖಲೆಗಳಲ್ಲಿ ನನ್ನ ಮಗಳ ಹೆಸರಿನ ತಿದ್ದುಪಡಿ ಕೋರಿ.

ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರುವುದೇನೆಂದರೆ, ನನ್ನ ಮಗಳು ತಮ್ಮ ಶಾಲೆಯಲ್ಲಿ 6ನೇ ತರಗತಿಯಲ್ಲಿ ಓದುತ್ತಿದ್ದಾಳೆ. ದಾಖಲಾತಿ ವಹಿಯಲ್ಲಿಯೂ ಸ್ಯಾಟ್ಸ್ ತಂತ್ರಾಂಶದಲ್ಲಿಯೂ ಅವಳ ಹೆಸರು ಇಂಗ್ಲಿಷಿನಲ್ಲಿ CHAITHRA ಎಂದು ನಮೂದಾಗಿದೆ. ಜನನ ಪ್ರಮಾಣಪತ್ರದಂತೆ ಅದು CHAITRA ಎಂದಿರಬೇಕು. ಎರಡೂ ಕಡೆ ತಿದ್ದುಪಡಿ ಮಾಡಿಕೊಡಬೇಕಾಗಿ ವಿನಂತಿ.’

ಇದರ ಜೊತೆ ಮಗುವಿನ ದಾಖಲಾತಿ ಸಂಖ್ಯೆ, ಸ್ಯಾಟ್ಸ್ ಸಂಖ್ಯೆ, ಪೋಷಕರ ಸಹಿ, ಮೊಬೈಲ್ ಸಂಖ್ಯೆ, ದಿನಾಂಕ ಇರಲಿ. ಕೆಳಗೆ ‘ಲಗತ್ತು’ ಎಂದು ಬರೆದು ಜನನ ಪ್ರಮಾಣಪತ್ರದ ನಕಲು ಸೇರಿಸಿ. ಮೂಲ ಪ್ರತಿಯನ್ನು ತೋರಿಸಿ, ಕೊಟ್ಟುಬರಬೇಡಿ. ತಪ್ಪು, ಸರಿ ಎರಡೂ ರೂಪಗಳನ್ನು ದೊಡ್ಡಕ್ಷರದಲ್ಲಿ ಬಿಡಿಬಿಡಿಯಾಗಿ ಬರೆಯಿರಿ. ತಿದ್ದುಪಡಿ ಪತ್ರದಲ್ಲೇ ಹೊಸ ತಪ್ಪು ನುಸುಳುವುದು ಅಪರೂಪವೇನಲ್ಲ! ಅರ್ಜಿಯ ಎರಡನೇ ಪ್ರತಿಯ ಮೇಲೆ ಶಾಲೆಯ ಮುದ್ರೆ, ಸಹಿ, ದಿನಾಂಕದೊಂದಿಗೆ ಸ್ವೀಕೃತಿ ಪಡೆದುಕೊಳ್ಳಿ.

ದಾಖಲಾತಿ ವಹಿ, ಸ್ಯಾಟ್ಸ್ ಎರಡನ್ನೂ ಹೆಸರಿಸಿ ಕೇಳುವುದಕ್ಕೆ ಕಾರಣವಿದೆ. ಕಂಪ್ಯೂಟರಿನಲ್ಲಿ ತಿದ್ದಿ ವಹಿಯನ್ನು ಹಾಗೇ ಬಿಟ್ಟರೆ, ಮುಂದೆ ಯಾರಾದರೂ ವಹಿಯ ನಕಲು ತೆಗೆಸಿದಾಗ ಹಳೆಯ ಹೆಸರೇ ಎದ್ದು ಬರುತ್ತದೆ. ವಹಿಯಲ್ಲಿ ತಿದ್ದುವುದಕ್ಕೂ ಒಂದು ರೀತಿಯಿದೆ. ವೈಟ್ನರ್ ಬಳಿದು, ಬ್ಲೇಡಿನಿಂದ ಕೆರೆದು ಬರೆದದ್ದು ಮುಂದೆ ಅನುಮಾನಕ್ಕೆ ದಾರಿಯಾಗುತ್ತದೆ. ಹಳೆಯ ಹೆಸರು ಓದಲು ಬರುವಂತೆ ಒಂದು ಗೆರೆ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು, ಯಾವ ದಾಖಲೆಯಂತೆ ತಿದ್ದಲಾಯಿತು ಎಂಬುದನ್ನು ಷರಾ ಕಾಲಂನಲ್ಲಿ ನಮೂದಿಸಿ ಮುಖ್ಯ ಶಿಕ್ಷಕರು ಸಹಿ ಹಾಕಿದರೆ ಅದು ನಿಲ್ಲುತ್ತದೆ. ತಮ್ಮ ಹಂತದಲ್ಲಿ ಆಗದು ಎಂದು ಅವರು ಹೇಳಿದರೆ ಅರ್ಜಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಗೆ ಕಳಿಸಿಕೊಡುವಂತೆ ಕೇಳಿ. ಬಿಇಒ ಕಚೇರಿಗೆ ಪೋಷಕರೇ ಬರಿಗೈಯಲ್ಲಿ ಹೋದರೆ ಮರಳಿ ಶಾಲೆಗೇ ಕಳಿಸುವುದು ಹೆಚ್ಚು.

ಈ ಕೆಲಸ ಸಲೀಸಾಗಿ ಆಗುವುದು ಮಗು ಆ ಶಾಲೆಯಲ್ಲಿ ಓದುತ್ತಿರುವಾಗ. ಟಿ.ಸಿ. ಪಡೆದ ಮೇಲೆ ತಪ್ಪು ಹೆಸರು ಹೊಸ ಶಾಲೆಗೂ ಹೋಗಿರುತ್ತದೆ, ಅಲ್ಲಿಯವರು ಹಳೆಯ ಶಾಲೆಯತ್ತ ಕೈ ತೋರಿಸುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲಂತೂ ವಿಷಯ ಪರೀಕ್ಷಾ ಮಂಡಳಿಯ ಮಟ್ಟಕ್ಕೆ ಏರುತ್ತದೆ. ಹತ್ತನೇ ತರಗತಿಯಲ್ಲಿ ಪರೀಕ್ಷೆಗೆ ನೋಂದಾಯಿಸುವಾಗ ಮಕ್ಕಳ ವಿವರ ಪರಿಶೀಲಿಸಿ ಎಂದು ಶಾಲೆಯವರು ಕೇಳುತ್ತಾರೆ. ಆಗ ಮಗಳ ಹೆಸರನ್ನಷ್ಟೇ ನೋಡಿ ಸಹಿ ಹಾಕಬೇಡಿ. ಅದೇ ಅಂಕಪಟ್ಟಿಯಲ್ಲಿ ಬರುವ ತಂದೆ ತಾಯಿಯ ಹೆಸರುಗಳನ್ನೂ ಒಂದೊಂದಕ್ಷರ ಓದಿ ನೋಡಿ.