ಹಳದಿ ಹೋಗಲಿ, ಹಲ್ಲು ಉಳಿಯಲಿ: ಭಾವಚಿತ್ರದ ತಿದ್ದುವಿಕೆಯಲ್ಲಿ ತಪ್ಪು ಕಲ್ಪನೆ ಮತ್ತು ಸತ್ಯ

ಮದುವೆ, ನಿಶ್ಚಿತಾರ್ಥ, ನಾಮಕರಣಗಳ ಭಾವಚಿತ್ರಗಳನ್ನು ಆಲ್ಬಮ್‌ಗೆ ಸಿದ್ಧಪಡಿಸುವಾಗ ಹಲ್ಲಿನ ಹಳದಿಯನ್ನು ತೆಗೆಯುವುದು ಸ್ಟುಡಿಯೋಗಳಲ್ಲಿ ವಾಡಿಕೆಯ ಕೆಲಸವಾಗಿದೆ. ಆದರೆ ಈ ಕೆಲಸ ಮುಗಿದ ಬಳಿಕ ಎಷ್ಟೋ ಮುಖಗಳಲ್ಲಿ ಹಲ್ಲುಗಳ ಸಾಲು ಅಳಿದು, ತುಟಿಗಳ ನಡುವೆ ಬಿಳಿಯ ಪಟ್ಟಿಯೊಂದು ಅಂಟಿಕೊಂಡಂತೆ ಕಾಣುತ್ತದೆ. ಇದಕ್ಕೆ ತಿದ್ದುವವರ ಕೈಚಳಕದ ಕೊರತೆಗಿಂತ ಹಲ್ಲಿನ ಬಣ್ಣದ ಬಗ್ಗೆ, ಹಾಗೂ ಬಣ್ಣ ಮತ್ತು ಬೆಳಕಿನ ಸಂಬಂಧದ ಬಗ್ಗೆ ಬೇರೂರಿರುವ ಕೆಲವು ತಪ್ಪು ಕಲ್ಪನೆಗಳೇ ಹೆಚ್ಚು ಕಾರಣ.

ತಪ್ಪು ಕಲ್ಪನೆ: ಆರೋಗ್ಯವಂತ ಹಲ್ಲು ಅಚ್ಚ ಬಿಳಿಯಾಗಿರುತ್ತದೆ

ಹಲ್ಲಿನ ಹೊರಪದರವಾದ ಎನಾಮೆಲ್, ಅಂದರೆ ದಂತಕವಚ, ಬೆಳಕನ್ನು ಭಾಗಶಃ ಒಳಗೆ ಬಿಟ್ಟುಕೊಳ್ಳುವ ಅರೆಪಾರದರ್ಶಕ ವಸ್ತು. ಅದರ ಕೆಳಗಿರುವ ಡೆಂಟಿನ್ ಎಂಬ ಪದರ ಸಹಜವಾಗಿಯೇ ಹಳದಿ ಛಾಯೆಯದು. ಒಳಹೊಕ್ಕ ಬೆಳಕು ಡೆಂಟಿನ್‌ನಿಂದ ಚದುರಿ ಹೊರಬರುವುದರಿಂದ ಹಲ್ಲಿಗೆ ದಂತವರ್ಣವೂ ಆಳವೂ ಒಟ್ಟಿಗೆ ಬರುತ್ತವೆ. ವಸಡಿನ ಬಳಿ ಎನಾಮೆಲ್ ತೆಳುವಾಗಿರುವ ಕಾರಣ ಅಲ್ಲಿ ಹಳದಿ ಹೆಚ್ಚು ಕಾಣುತ್ತದೆ. ಕಚ್ಚುವ ಅಂಚಿನ ಬಳಿ ಎನಾಮೆಲ್‌ನ ಹಿಂದೆ ಡೆಂಟಿನ್ ಇಲ್ಲದಿರುವುದರಿಂದ ಬಾಯಿಯೊಳಗಿನ ಕತ್ತಲೆಯೇ ತುಸು ತೋರಿ, ಅಂಚು ನಸುನೀಲಿ ಬೂದಿಯಾಗಿ ಕಾಣುತ್ತದೆ. ಎಳೆಯರ ಬಾಚಿಹಲ್ಲುಗಳಲ್ಲಿ ಇದು ಇನ್ನೂ ಸ್ಪಷ್ಟ. ಕೋರೆಹಲ್ಲುಗಳಂತೂ ಪಕ್ಕದ ಬಾಚಿಹಲ್ಲುಗಳಿಗಿಂತ ಹೆಚ್ಚು ಹಳದಿಯಾಗಿರುವುದೇ ಸಹಜ. ಹೀಗೆ ಒಂದೇ ಬಾಯಲ್ಲಿ, ಒಂದೇ ಹಲ್ಲಿನಲ್ಲಿ ಕೂಡ ಹಲವು ಬಣ್ಣಗಳಿರುತ್ತವೆ. ನೋಡುವವರ ಕಣ್ಣು ಅವುಗಳನ್ನು ಬಿಡಿಬಿಡಿಯಾಗಿ ಗುರುತಿಸದಿದ್ದರೂ, ಅವು ಇಲ್ಲವಾದಾಗ ಏನೋ ಕೃತಕವಾಗಿದೆ ಎಂಬುದನ್ನು ತಕ್ಷಣ ಗ್ರಹಿಸುತ್ತದೆ.

ತಪ್ಪು ಕಲ್ಪನೆ: ಚಿತ್ರದಲ್ಲಿ ಕಾಣುವ ಹಳದಿಯೆಲ್ಲ ಹಲ್ಲಿನದೇ

ಕಲ್ಯಾಣಮಂಟಪದ ಹಳದಿ ದೀಪಗಳ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಗೋಡೆ, ಪಂಚೆ, ಕಣ್ಣಿನ ಬಿಳಿ ಭಾಗ ಎಲ್ಲವೂ ಹಳದಿಗೆ ತಿರುಗಿರುತ್ತವೆ. ಅರಿಶಿನ ಶಾಸ್ತ್ರದ ಚಿತ್ರಗಳಲ್ಲಿ ಕೆನ್ನೆಯ ಅರಿಶಿನದಿಂದಲೂ ಉಟ್ಟ ಹಳದಿ ಸೀರೆಯಿಂದಲೂ ಪ್ರತಿಫಲಿಸಿದ ಬೆಳಕು ನೇರವಾಗಿ ಹಲ್ಲಿನ ಮೇಲೆ ಬೀಳುತ್ತದೆ. ಆದುದರಿಂದ ಹಲ್ಲನ್ನು ಮುಟ್ಟುವ ಮೊದಲು ಕಣ್ಣಿನ ಬಿಳಿಯನ್ನು ನೋಡಬೇಕು. ಅದೂ ಹಳದಿಯಾಗಿದ್ದರೆ ದೋಷ ಇರುವುದು ಇಡೀ ಚಿತ್ರದ ವರ್ಣಸಮತೋಲದಲ್ಲಿ, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಿಳಿಯನ್ನು ಹೊಂದಿಸುವ ಕ್ರಮದಲ್ಲಿ, ಮತ್ತು ಅದನ್ನು ಮೊದಲು ಸರಿಪಡಿಸಬೇಕು. ಇದಕ್ಕೆ ಬೂದು ಬಣ್ಣದ ಅಳತೆಯ ಕಾರ್ಡನ್ನು ಆಧಾರವಾಗಿಟ್ಟುಕೊಳ್ಳುವುದು ಉತ್ತಮ. ಬಿಳಿ ಬಟ್ಟೆಯನ್ನು ನಂಬುವುದು ಅಪಾಯ, ಏಕೆಂದರೆ ಬಟ್ಟೆಗೆ ಸೇರಿಸಿರುವ ಹೊಳಪುಕಾರಕಗಳು ಫ್ಲ್ಯಾಶ್ ಬೆಳಕಿನಲ್ಲಿ ನೀಲಿಯನ್ನು ಹೆಚ್ಚಿಸಿ ತೋರಿಸುತ್ತವೆ, ಆ ನೀಲಿಯನ್ನು ಸರಿದೂಗಿಸಲು ಹೋದರೆ ಚಿತ್ರ ಮತ್ತಷ್ಟು ಹಳದಿಯಾಗುತ್ತದೆ. ರಾತ್ರಿಯ ಹೊತ್ತು ಕಂಪ್ಯೂಟರ್ ಪರದೆಯನ್ನು ಹಳದಿಗೆ ತಿರುಗಿಸುವ ಸೌಲಭ್ಯವನ್ನು ನಿಲ್ಲಿಸದೆ ಕೆಲಸ ಮಾಡುವವರೂ ಇದೇ ಬಗೆಯ ಮೋಸಕ್ಕೆ ಒಳಗಾಗುತ್ತಾರೆ.

ತಪ್ಪು ಕಲ್ಪನೆ: ಹೊಳಪು ಹೆಚ್ಚಿಸಿದರೆ ಹಳದಿ ಹೋಗುತ್ತದೆ

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ನಂಬಿಕೆ ಇದು. ಹಳದಿ ಎಂಬುದು ಬಣ್ಣದ ಗುಣ, ಮಂಕು ಎಂಬುದು ಬೆಳಕಿನ ಗುಣ. ಒಂದನ್ನು ಹೆಚ್ಚಿಸಿ ಇನ್ನೊಂದನ್ನು ಕಳೆಯಲಾಗದು. ಡಿಜಿಟಲ್ ಚಿತ್ರದಲ್ಲಿ ಪ್ರತಿ ಬಿಂದುವಿನ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಲೆಗಳಿಂದ ಸೂಚಿಸಲಾಗುತ್ತದೆ. ಪ್ರತಿಯೊಂದೂ 0ಯಿಂದ 255ರವರೆಗೆ ಇರುತ್ತದೆ, ಮೂರೂ ಸಮನಾದಾಗ ಬೂದು ಅಥವಾ ಬಿಳಿ ಬರುತ್ತದೆ, ನೀಲಿ ಉಳಿದೆರಡಕ್ಕಿಂತ ಹಿಂದುಳಿದಾಗ ಹಳದಿ ಬರುತ್ತದೆ. ವರ್ಣಸಮತೋಲ ಸರಿಯಾಗಿರುವ ಒಂದು ಮದುಮಗಳ ಚಿತ್ರದಲ್ಲಿ ಮೇಲಿನ ನಡು ಬಾಚಿಹಲ್ಲಿನ ಮಧ್ಯಭಾಗ ಕೆಂಪು 214, ಹಸಿರು 196, ನೀಲಿ 150 ಎಂದು ತೋರುತ್ತಿದೆ ಎಂದು ಇಟ್ಟುಕೊಳ್ಳೋಣ. ಇಲ್ಲಿ ಕೆಂಪಿಗೂ ನೀಲಿಗೂ ಇರುವ ಅಂತರ 64, ಹಳದಿಯ ಅಳತೆಯೂ ಸರಿಸುಮಾರು ಅದೇ. ಮೂರೂ ಬೆಲೆಗಳನ್ನು ಒಂದೇ ಪ್ರಮಾಣದಲ್ಲಿ, ಕೆಂಪು 255ನ್ನು ಮುಟ್ಟುವವರೆಗೆ ಏರಿಸಿದರೆ ಹಸಿರು 234ಕ್ಕೂ ನೀಲಿ 179ಕ್ಕೂ ಬಂದು ನಿಲ್ಲುತ್ತವೆ. ಅಂತರ 76 ಆಯಿತು, ಅಂದರೆ ಹಲ್ಲು ಹೊಳೆಯಿತು, ಹಳದಿಯೂ ಬೆಳೆಯಿತು. ಅಲ್ಲಿಂದ ಮುಂದಕ್ಕೆ ಒತ್ತಿದರೆ ಕೆಂಪು ಏರಲು ಜಾಗವಿಲ್ಲದೆ ನಿಂತು, ಹಸಿರು ನೀಲಿಗಳು ಅದನ್ನು ಹಿಂದೆಯಿಂದ ಬಂದು ಸೇರುತ್ತವೆ. ಕೊನೆಗೆ ಮೂರೂ 255 ಆದಾಗ ಹಳದಿ ಹೋಗುವುದು ನಿಜ, ಆದರೆ ಅದರೊಂದಿಗೆ ಹಲ್ಲಿನ ಉಬ್ಬು, ತಗ್ಗು, ತೇವದ ಮಿನುಗು ಎಲ್ಲವೂ ಅಳಿಸಿಹೋಗಿರುತ್ತವೆ. ಫೋಟೋಶಾಪ್‌ನ Dodge ಸಾಧನವನ್ನು ಹಲ್ಲಿನ ಮೇಲೆ ಉಜ್ಜಿದಾಗ ಆಗುವುದು ಇದೇ.

ಇದರ ಎದುರು ತುದಿಯ ತಪ್ಪು, ಬಣ್ಣವನ್ನು ಪೂರ್ತಿ ತೆಗೆದುಬಿಡುವುದು. Hue/Saturation ಸಾಧನದಲ್ಲಿ Saturation, ಅಂದರೆ ಬಣ್ಣದ ಗಾಢತೆ, ಪೂರ್ತಿ ಇಳಿದರೆ ಮೇಲಿನ ಬಿಂದುವಿನ ಮೂರೂ ಬೆಲೆಗಳು ಸುಮಾರು 182 ಆಗುತ್ತವೆ. ಕಣ್ಣಿಗೆ ಹಸಿರೂ ಕೆಂಪೂ ನೀಲಿಗಿಂತ ಹೆಚ್ಚು ಪ್ರಕಾಶವಾಗಿ ತೋರುವುದರಿಂದ, ಮೊದಲಿನ ಬಣ್ಣದ ತೋರಿಕೆಯ ಪ್ರಕಾಶ 196ರ ಆಸುಪಾಸಿನಲ್ಲಿತ್ತು. ಈಗ ಅದು 182ಕ್ಕೆ ಕುಸಿದಿದೆ. ಜೊತೆಗೆ ಸುತ್ತಲಿನ ಚರ್ಮ, ತುಟಿಗಳ ಬೆಚ್ಚನೆಯ ಬಣ್ಣದ ನಡುವೆ ಬರಿಯ ಬೂದು ತಣ್ಣಗೆ, ನೀಲಿಯಾಗಿ ತೋರುತ್ತದೆ. ಜೀವವಿಲ್ಲದ ಹಲ್ಲು ಎಂದು ಜನ ಹೇಳುವುದು ಇಂಥದನ್ನೇ.

ಸರಿಯಾದ ದಾರಿ ಇವೆರಡರ ನಡುವೆ, ಎರಡು ಬಿಡಿ ಹೆಜ್ಜೆಗಳಲ್ಲಿದೆ. ಮೊದಲು Hue/Saturation ಲೇಯರ್‌ನಲ್ಲಿ Yellows ಆಯ್ದು Saturation ಅನ್ನು −45ರಷ್ಟು ಇಳಿಸಿದರೆ ಅದೇ ಬಿಂದು ಸುಮಾರು 200, 190, 164 ಆಗುತ್ತದೆ. ಹಳದಿ ಅರ್ಧದಷ್ಟಾದರೂ ಹಲ್ಲು ಕೊಂಚ ಮಂಕಾಗಿರುತ್ತದೆ. ಆಮೇಲೆ ಬೇರೊಂದು Curves ಲೇಯರ್‌ನಲ್ಲಿ, ಕತ್ತಲೆಯ ಭಾಗದ ರೇಖೆಯನ್ನು ಒಂದು ಬಿಂದುವಿನಿಂದ ಅದರ ಜಾಗದಲ್ಲೇ ಹಿಡಿದಿಟ್ಟು, ಮೇಲಿನ ನಡುಭಾಗವನ್ನು ಮಾತ್ರ ತುಸು ಎತ್ತಬೇಕು. ಹಲ್ಲು 206, 197, 173ರ ಹತ್ತಿರಕ್ಕೆ ಬಂದಾಗ ಅದರ ಪ್ರಕಾಶ ಮೊದಲಿದ್ದಷ್ಟೇ ಆಗಿ, ಕೆಂಪು ನೀಲಿಗಳ ಅಂತರ ಮಾತ್ರ 64ರಿಂದ 33ಕ್ಕೆ ಇಳಿದಿರುತ್ತದೆ. ಹಲ್ಲು ಮೊದಲಿಗಿಂತ ಒಂದಿಷ್ಟೂ ಹೊಳೆಯದೆಯೇ ಬಿಳಿಯಾಗಿ ಕಾಣುತ್ತದೆ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. Hue/Saturation ಒಳಗೇ ಇರುವ Lightness ಅನ್ನು ಏರಿಸುವುದು ಸುಲಭವೆನಿಸಿದರೂ, ಅದು ಹಲ್ಲುಗಳ ಸಂದಿನ ನೆರಳಿಗೂ ಬಿಳಿಯನ್ನು ಬೆರೆಸುವುದರಿಂದ ಸಾಲನ್ನೇ ಚಪ್ಪಟೆಯಾಗಿಸುತ್ತದೆ.

ಹಳದಿ ಇಳಿಸಿದ ಮೇಲೆ ಹಲ್ಲು ನಸುಗುಲಾಬಿಗೆ ತಿರುಗಿದರೆ, ಆ ಹಲ್ಲಿನ ಬಣ್ಣ ಹಳದಿಗಿಂತ ಕಿತ್ತಳೆಗೆ ಹತ್ತಿರವಿತ್ತು, Yellows ವ್ಯಾಪ್ತಿಯಲ್ಲಿ ಅದು ಪೂರ್ತಿ ಸಿಕ್ಕಲಿಲ್ಲ ಎಂದು ತಿಳಿಯಬೇಕು. ಆಗ ಸಾಧನದ ಕೈಗುರುತನ್ನು ಹಲ್ಲಿನ ಮೇಲೆಯೇ ಒತ್ತಿ ವ್ಯಾಪ್ತಿಯನ್ನು ಹೊಂದಿಸಿಕೊಳ್ಳಬಹುದು.

ತಪ್ಪು ಕಲ್ಪನೆ: ಎಲ್ಲ ಹಲ್ಲನ್ನೂ ಒಟ್ಟಿಗೆ ಆರಿಸಿ ಒಂದೇ ಅಳತೆಯಲ್ಲಿ ತಿದ್ದಿದರೆ ಸಾಲು ಅಂದವಾಗುತ್ತದೆ

ಮೇಲೆ ಹೇಳಿದ ಎರಡೂ ಲೇಯರ್‌ಗಳು ಇಡೀ ಮುಖಕ್ಕೆ ತಗುಲದಂತೆ ಅವುಗಳಿಗೆ ಕಪ್ಪು ಮಾಸ್ಕ್ ಹಾಕಿ, ಅಂದರೆ ಪರಿಣಾಮವನ್ನು ಮರೆಮಾಡುವ ಪದರವನ್ನು ಸೇರಿಸಿ, ಬಿಳಿ ಬ್ರಷ್‌ನಿಂದ ಬೇಕಾದ ಕಡೆ ಮಾತ್ರ ಪರಿಣಾಮವನ್ನು ತೆರೆಯಬೇಕು. ಬ್ರಷ್‌ನ ಅಂಚು ಮೃದುವಾಗಿರಬೇಕು, ಗಾತ್ರ ಒಂದು ಹಲ್ಲಿನ ಅಗಲದ ಅರ್ಧಕ್ಕಿಂತ ಕಡಿಮೆ ಇರಬೇಕು, ಹರಿವು ಕಡಿಮೆಯಿದ್ದು ಎರಡು ಮೂರು ಸಲ ಎಳೆದಾಗ ಮಾತ್ರ ಪೂರ್ತಿ ಬಲ ಬರುವಂತಿರಬೇಕು. ಹಲ್ಲಿನ ನಡುಭಾಗದಿಂದ ಆರಂಭಿಸಿ ವಸಡಿಗೆ ಕೂದಲೆಳೆಯಷ್ಟು ಮೊದಲೇ ನಿಲ್ಲಿಸಿದರೆ ಅಲ್ಲಿನ ಬೆಚ್ಚನೆಯ ಬಣ್ಣ ಉಳಿಯುತ್ತದೆ. ವಸಡಿನ ಮೇಲೆ ಬ್ರಷ್ ಹಾದರೆ ಗುಲಾಬಿ ಬಣ್ಣ ಕಳೆದುಹೋದ ಬಿಳಿಚಿದ ರೇಖೆಯೊಂದು ಮೂಡಿ ಗುಟ್ಟನ್ನು ಬಯಲು ಮಾಡುತ್ತದೆ. ಹಲ್ಲುಗಳ ಸಂದಿನ ಗೆರೆಗಳನ್ನು ಮುಟ್ಟಲೇಬಾರದು, ಏಕೆಂದರೆ ಒಂದೊಂದು ಹಲ್ಲೂ ಬೇರೆ ಎಂದು ಕಣ್ಣಿಗೆ ತಿಳಿಸುವುದು ಅವೇ. ಕಚ್ಚುವ ಅಂಚಿನ ನಸುನೀಲಿ ಪಟ್ಟಿಯಲ್ಲಿ ತೆಗೆಯಬೇಕಾದ ಹಳದಿಯೇ ಇರುವುದಿಲ್ಲ. ಆದ್ದರಿಂದ ಅದರ ಮೇಲೆ Curves ಲೇಯರ್ ಪೂರ್ತಿ ತಗುಲದಂತೆ ಕಪ್ಪು ಬ್ರಷ್‌ನಿಂದ ಅರ್ಧಬಲದಲ್ಲಿ ಮಾಸ್ಕನ್ನು ಹಿಂದಕ್ಕೆ ತಂದರೆ ಅರೆಪಾರದರ್ಶಕತೆ ಹಾಗೆಯೇ ನಿಲ್ಲುತ್ತದೆ. ಬಾಯಿಯ ಮೂಲೆಗಳ ಕಡೆಗೆ ಹೋದಂತೆ ಹಲ್ಲುಗಳು ನೆರಳಿಗೆ ಸರಿಯುವುದರಿಂದ ಅಲ್ಲಿ ಬಲ ಕಡಿಮೆಯಾಗುತ್ತ ಬರಬೇಕು. ಮೂಲೆಯ ದವಡೆಹಲ್ಲುಗಳೂ ನಡುವಿನವುಗಳಷ್ಟೇ ಹೊಳೆದರೆ ದವಡೆಯ ಬಾಗು ಮಾಯವಾಗಿ ನಗು ನೇರ ಹಲಗೆಯಂತಾಗುತ್ತದೆ.

ತಿದ್ದಿದ್ದು ಚಪ್ಪಟೆಯಾಯಿತೇ ಎಂದು ತಿಳಿಯಲು ಒಂದು ನಂಬಲರ್ಹ ಪರೀಕ್ಷೆಯಿದೆ. ಎಲ್ಲ ಲೇಯರ್‌ಗಳ ಮೇಲೆ ತಾತ್ಕಾಲಿಕವಾಗಿ ಒಂದು Black & White ಲೇಯರ್ ಇಟ್ಟು, ಕೆಳಗಿನ ತಿದ್ದುಪಡಿಗಳನ್ನು ಆರಿಸುತ್ತ ಹೊತ್ತಿಸುತ್ತ ನೋಡಬೇಕು. ಕಪ್ಪು ಬಿಳುಪಿನಲ್ಲಿ ಹಲ್ಲುಗಳ ರೂಪ, ಸಂದು, ಅಂಚುಗಳು ಎರಡೂ ಸ್ಥಿತಿಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಕೆಲಸ ಬಣ್ಣಕ್ಕೆ ಸೀಮಿತವಾಗಿದೆ ಎಂದರ್ಥ. ಹಲ್ಲು ಎದ್ದು ಮುಂದೆ ಬಂದಂತೆ ಕಂಡರೆ Curves ಅತಿಯಾಗಿದೆ. ಚಿತ್ರವನ್ನು ಕಿರಿದಾಗಿಸಿ ನೋಡಿದಾಗ ಕಣ್ಣಿಗಿಂತ ಮೊದಲು ಹಲ್ಲು ಗಮನ ಸೆಳೆದರೂ, ಅಥವಾ ಅದೇ ಬೆಳಕಿನಲ್ಲಿರುವ ಕಣ್ಣಿನ ಬಿಳಿಗಿಂತ ಹಲ್ಲು ಹೆಚ್ಚು ಬೆಳಗಿದರೂ ಅದೇ ತೀರ್ಮಾನ.

ತಪ್ಪು ಕಲ್ಪನೆ: ಕಲೆ, ಗೆರೆ, ಸೀಳು ಎಲ್ಲವನ್ನೂ ಅಳಿಸಿದಾಗಲೇ ಕೆಲಸ ಪೂರ್ಣ

ಎನಾಮೆಲ್‌ನ ಮೇಲಿನ ಅಡ್ಡಗೆರೆಗಳು, ಸಣ್ಣ ಬಿಳಿ ಮಚ್ಚೆಗಳು, ಅಂಚಿನ ಕಿರುಮುರುಕು, ತುಸು ತಿರುಗಿ ನಿಂತ ಹಲ್ಲು ಇವೆಲ್ಲ ಆ ವ್ಯಕ್ತಿಯ ಗುರುತಿನ ಭಾಗಗಳು. ಇವನ್ನು ನಯಗೊಳಿಸಿದ ಚಿತ್ರವನ್ನು ಮನೆಯವರೇ ಅಪರಿಚಿತವೆಂಬಂತೆ ನೋಡುತ್ತಾರೆ. ತುಮಕೂರು ಜಿಲ್ಲೆಯ ಪಾವಗಡದಂತಹ ಫ್ಲೋರೈಡ್ ಹೆಚ್ಚಿರುವ ಅಂತರ್ಜಲದ ಪ್ರದೇಶಗಳಲ್ಲಿ ಬೆಳೆದವರ ಹಲ್ಲುಗಳ ಮೇಲಿರುವ ಕಂದು ಮಚ್ಚೆಗಳ ವಿಷಯ ಬೇರೆ. ಅವನ್ನು ತಿಳಿಯಾಗಿಸಬೇಕೆಂದು ಚಿತ್ರದಲ್ಲಿರುವವರೇ ಕೇಳಬಹುದು, ಹಾಗೆ ಕೇಳಿದಾಗ ಅವಕ್ಕೆ ಮಾತ್ರ ಬೇರೊಂದು ಮಾಸ್ಕ್ ಮಾಡಿ, ಬಣ್ಣದ ಗಾಢತೆಯನ್ನೂ ಕಪ್ಪನ್ನೂ ಅರ್ಧದಷ್ಟು ಇಳಿಸಿ ನಿಲ್ಲಿಸುವುದು ಸೂಕ್ತ. ಪಕ್ಕದ ಹಲ್ಲಿನ ತುಣುಕನ್ನು ತಂದು ಅಂಟಿಸಿದರೆ ಮಿನುಗಿನ ದಿಕ್ಕು ಹೊಂದದೆ ತೇಪೆ ಎದ್ದು ಕಾಣುತ್ತದೆ.

Saturation ಅನ್ನು −60ನ್ನೂ ದಾಟಿಸಿದ ಮೇಲೂ ಹಲ್ಲು ಹಳದಿಯಾಗಿಯೇ ಕಂಡರೆ ಅಲ್ಲಿಗೆ ಕೈ ನಿಲ್ಲಿಸಬೇಕು, ಏಕೆಂದರೆ ಅಂಥ ಚಿತ್ರದಲ್ಲಿ ಸಾಮಾನ್ಯವಾಗಿ ತಪ್ಪಿರುವುದು ವರ್ಣಸಮತೋಲ, ಮತ್ತು ಅದನ್ನು ಮೂಲ ಚಿತ್ರದಲ್ಲಿ ಸರಿಪಡಿಸಿ ಹಲ್ಲಿನ ಕೆಲಸವನ್ನು ಹೊಸದಾಗಿ ಆರಂಭಿಸಬೇಕಾಗುತ್ತದೆ.