ಒಂದನೇ ತಾರೀಕಿನ ಬಿಲ್ಲು, ಸೇರಿದ ತಾರೀಕಿನ ಬಿಲ್ಲು

ತಿಂಗಳ ಬಾಡಿಗೆಯಂತೆ ಹಣ ಪಡೆಯುವ ಯಾವ ಸೇವೆಯಲ್ಲೂ ಬಿಲ್ಲಿನ ತಾರೀಕನ್ನು ಎರಡು ರೀತಿಯಲ್ಲಿ ಗೊತ್ತುಮಾಡಬಹುದು. ಒಂದರಲ್ಲಿ ಎಲ್ಲ ಗ್ರಾಹಕರಿಗೂ ಒಂದನೇ ತಾರೀಕಿಗೇ ಬಿಲ್ಲು ಬರುತ್ತದೆ. ಅದು ಆ ತಿಂಗಳ ಕೊನೆಯ ದಿನದವರೆಗಿನ ಲೆಕ್ಕ. ಇದು ಕ್ಯಾಲೆಂಡರ್ ತಿಂಗಳ ಪದ್ಧತಿ. ಇನ್ನೊಂದರಲ್ಲಿ ಯಾರು ಯಾವ ದಿನ ಸೇರಿದರೋ ಅವರಿಗೆ ಪ್ರತಿ ತಿಂಗಳೂ ಆ ದಿನವೇ ಬಿಲ್ಲು. 17ಕ್ಕೆ ಕನೆಕ್ಷನ್ ಪಡೆದವರ ತಿಂಗಳು 17ರಿಂದ ಮುಂದಿನ 16ರವರೆಗೆ. ಇದನ್ನು ಸೇರಿದ ತಾರೀಕಿನ ಪದ್ಧತಿ ಎನ್ನಬಹುದು. ವರ್ಷದ ಕೊನೆಗೆ ಎರಡರಲ್ಲೂ ಗ್ರಾಹಕ ಕೊಡುವ ಹಣ ಬಹುಪಾಲು ಒಂದೇ. ಆದರೆ ಆ ಹಣ ಕೈಗೆ ಬರುವ ದಿನಗಳು ಬೇರೆ, ಆಫೀಸಿಗೆ ಬರುವ ಫೋನುಗಳೂ ಬೇರೆ.

ತಾಲ್ಲೂಕು ಕೇಂದ್ರವೊಂದರಲ್ಲಿ ಮನೆಮನೆಗೆ ಫೈಬರ್ ಎಳೆದು ಇಂಟರ್ನೆಟ್ ಕೊಡುವ ಸಣ್ಣ ಆಪರೇಟರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 600 ಮನೆಗಳು, ಎಲ್ಲರಿಗೂ ಒಂದೇ ಪ್ಲಾನ್: ತಿಂಗಳಿಗೆ 500 ರೂಪಾಯಿ, ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 90, ಒಟ್ಟು 590. ಹಣ ಮುಂಗಡ.

ಕ್ಯಾಲೆಂಡರ್ ಪದ್ಧತಿಯ ತೊಡಕು ಮೊದಲ ಬಿಲ್ಲಿನಲ್ಲೇ ಕಾಣಿಸುತ್ತದೆ. ಜೂನ್ 18ರಂದು ಒಂದು ಮನೆಗೆ ಕನೆಕ್ಷನ್ ಕೊಟ್ಟರೆ, ಆ ದಿನವೂ ಸೇರಿ ತಿಂಗಳಲ್ಲಿ ಉಳಿಯುವುದು 13 ದಿನ. 500ನ್ನು 30ರಿಂದ ಭಾಗಿಸಿ 13ರಿಂದ ಗುಣಿಸಿದರೆ 216.67 ರೂಪಾಯಿ, ತೆರಿಗೆ ಸೇರಿ 255.67. ಕೇವಲ 13 ದಿನಕ್ಕೆ ಒಂದು ಬಿಲ್ಲು, ಮತ್ತೆ ಒಂದನೇ ತಾರೀಕಿಗೆ ಇನ್ನೊಂದು ಎಂದು ಓಡಾಡುವುದೇಕೆಂದು ಹಲವರು ಜುಲೈ ತಿಂಗಳ ಮುಂಗಡವನ್ನೂ ಅದಕ್ಕೇ ಸೇರಿಸಿಬಿಡುತ್ತಾರೆ. ಆಗ ಮೊದಲ ಬಿಲ್ಲು 845.67 ರೂಪಾಯಿ ಆಗುತ್ತದೆ. "ಐನೂರ ತೊಂಬತ್ತು ಅಂದಿದ್ರಲ್ಲ, ಇದೇನು ಎಂಟುನೂರ ನಲವತ್ತಾರು?" ಎಂಬ ಫೋನು ಬರುವುದು ಇಲ್ಲಿಂದಲೇ. ಲೆಕ್ಕ ಸರಿಯಿದೆ, ಆದರೆ ಬಿಲ್ಲಿನಲ್ಲಿ ಒಟ್ಟು ಮೊತ್ತ ಒಂದೇ ಸಾಲಿನಲ್ಲಿದ್ದರೆ ಅದು ಗ್ರಾಹಕನಿಗೆ ಮೋಸದಂತೆ ಕಾಣುತ್ತದೆ. 'ಜೂನ್ 18ರಿಂದ 30, 13 ದಿನ' ಎಂದು ಒಂದು ಸಾಲು, 'ಜುಲೈ 1ರಿಂದ 31' ಎಂದು ಇನ್ನೊಂದು ಸಾಲು ಮುದ್ರಿಸಿದರೆ ಈ ಫೋನುಗಳಲ್ಲಿ ಬಹಳಷ್ಟು ಬರುವುದೇ ಇಲ್ಲ.

ದಿನದ ಲೆಕ್ಕಕ್ಕೆ ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿರಬೇಕು. ಎಲ್ಲ ತಿಂಗಳಿಗೂ 30 ಎಂದಿಟ್ಟುಕೊಂಡರೆ, ಫೆಬ್ರವರಿ 1ಕ್ಕೆ ಸೇರಿದವನು ಪೂರ್ತಿ ತಿಂಗಳು ಬಳಸಿಯೂ 28 ದಿನಕ್ಕೆ 466.67 ರೂಪಾಯಿಯಷ್ಟೇ ಕೊಟ್ಟಂತಾಗುತ್ತದೆ. ಅದೇ ಪ್ಲಾನಿನ ಹಳೆಯ ಗ್ರಾಹಕ ಮಾತ್ರ 500 ಕೊಟ್ಟಿರುತ್ತಾನೆ. ಆಯಾ ತಿಂಗಳಲ್ಲಿ ಎಷ್ಟು ದಿನವಿದೆಯೋ ಅಷ್ಟರಿಂದಲೇ ಭಾಗಿಸುವುದು ಸರಿ. ಯಾರು ಕೇಳಿದರೂ ಉತ್ತರ ಹೇಳುವುದು ಅದರಲ್ಲಿ ಸುಲಭ.

ಸೇರಿದ ತಾರೀಕಿನ ಪದ್ಧತಿಯಲ್ಲಿ ಈ ತಂಟೆಯೇ ಇಲ್ಲ. ಮೊದಲ ದಿನ 590, ಮುಂದೆಯೂ 590. ಹೊಸ ಗ್ರಾಹಕನಿಗೆ ಇದಕ್ಕಿಂತ ಸರಳವಾದದ್ದು ಯಾವುದೂ ಇಲ್ಲ, ಮೊಬೈಲ್ ರೀಚಾರ್ಜಿನಿಂದ ಅವನಿಗೆ ಇದು ರೂಢಿಯೂ ಆಗಿದೆ. ಆದರೆ ಅಲ್ಲೂ ಒಂದು ಜಗಳ ಬಹುಕಾಲ ನಡೆದಿತ್ತು. 28 ದಿನದ ಪ್ಯಾಕುಗಳನ್ನು ತಿಂಗಳ ಪ್ಯಾಕು ಎಂದುಕೊಂಡವರು ವರ್ಷಕ್ಕೆ 13 ಸಲ ಹಣ ಕಟ್ಟುತ್ತಿದ್ದರು. 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಪ್ರತಿ ಕಂಪನಿಯೂ 30 ದಿನದ ಪ್ಲಾನನ್ನು ಮತ್ತು ಪ್ರತಿ ತಿಂಗಳು ಒಂದೇ ತಾರೀಕಿಗೆ ನವೀಕರಿಸುವ ಪ್ಲಾನನ್ನು ಇಡಲೇಬೇಕೆಂದು ಹೇಳಿತು. ಆ ತಾರೀಕು ಯಾವುದಾದರೂ ತಿಂಗಳಲ್ಲಿ ಇಲ್ಲದಿದ್ದರೆ ಆ ತಿಂಗಳ ಕೊನೆಯ ದಿನ ನವೀಕರಿಸಬೇಕೆಂಬುದೂ ಅದರಲ್ಲಿದೆ.

ಈ ಕೊನೆಯ ದಿನದ ನಿಯಮದಲ್ಲೇ ಸಣ್ಣ ಆಪರೇಟರುಗಳ ಸಾಫ್ಟ್‌ವೇರ್ ಎಡವುವುದು. ಜನವರಿ 31ಕ್ಕೆ ಸೇರಿದವನ ಎರಡನೇ ಬಿಲ್ಲು ಫೆಬ್ರವರಿ 28ಕ್ಕೆ ಬರುತ್ತದೆ. ಮೂರನೆಯದು ಮಾರ್ಚ್ 31ಕ್ಕೆ ಬರಬೇಕು. ಹಿಂದಿನ ಬಿಲ್ಲಿನ ತಾರೀಕಿಗೆ ಒಂದು ತಿಂಗಳು ಕೂಡಿಸುತ್ತ ಹೋಗುವ ಸಾಫ್ಟ್‌ವೇರ್ ಅದನ್ನು ಮಾರ್ಚ್ 28ಕ್ಕೆ ತರುತ್ತದೆ, ಆಮೇಲೆ ಆ ಗ್ರಾಹಕ 28ಕ್ಕೇ ಅಂಟಿಕೊಳ್ಳುತ್ತಾನೆ. ಪೂರ್ತಿ ತಿಂಗಳ ಹಣ ಕೊಟ್ಟು ಮೂರು ದಿನ ಕಳೆದುಕೊಳ್ಳುತ್ತಾನೆ. ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಮಾರ್ಚ್ ಮುಗಿದ ಮೇಲೆ 29, 30, 31ಕ್ಕೆ ಬಿಲ್ಲು ಬರುವ ಗ್ರಾಹಕರು ಎಷ್ಟು ಮಂದಿ ಎಂದು ಪಟ್ಟಿ ತೆಗೆದು, ಆ ದಿನಗಳು ಖಾಲಿಯಾಗಿ 28ರಲ್ಲಿ ಗುಂಪು ಕಂಡರೆ ತಪ್ಪು ಇಲ್ಲೇ ಇದೆ. ಮುಂದಿನ ತಾರೀಕನ್ನು ಯಾವಾಗಲೂ ಮೂಲದಲ್ಲಿ ಸೇರಿದ ದಿನದಿಂದಲೇ ಎಣಿಸುವುದು ಇದಕ್ಕೆ ಪರಿಹಾರ.

ಇನ್ನು ಹಣದ ಹರಿವು. ಕಾಗದದ ಮೇಲೆ ಲೆಕ್ಕ ಸ್ಪಷ್ಟವಾಗಿದೆ: ಕ್ಯಾಲೆಂಡರ್ ಪದ್ಧತಿಯಲ್ಲಿ 3,54,000 ರೂಪಾಯಿಯ ಬಿಲ್ಲು ಒಂದೇ ದಿನ ಹೊರಡುತ್ತದೆ. ಸೇರಿದ ತಾರೀಕಿನ ಪದ್ಧತಿಯಲ್ಲಿ ದಿನಕ್ಕೆ ಸುಮಾರು 20 ಬಿಲ್ಲು, 11,800 ರೂಪಾಯಿ. ಆಪರೇಟರ್ ತಾನು ಖರೀದಿಸುವ ಬ್ಯಾಂಡ್‌ವಿಡ್ತಿಗೆ, ಲೈನ್‌ಮನ್‌ಗಳ ಸಂಬಳಕ್ಕೆ, ಅಂಗಡಿ ಬಾಡಿಗೆಗೆ ಹಣ ಕೊಡಬೇಕಾಗಿರುವುದು ತಿಂಗಳ ಮೊದಲ ವಾರದಲ್ಲಾದರೆ ಕ್ಯಾಲೆಂಡರ್ ಪದ್ಧತಿ ಅದಕ್ಕೆ ಚೆನ್ನಾಗಿ ಒದಗುತ್ತದೆ. ಆದರೆ ಹತ್ತನೇ ತಾರೀಕು ದಾಟಿದ ಮೇಲೆ ಬರುವುದು ಚಿಲ್ಲರೆ ಬಾಕಿ ಮಾತ್ರ. 22ನೇ ತಾರೀಕು ಒಂದು ಸ್ವಿಚ್ಚು ಸುಟ್ಟುಹೋದರೆ ಮೊದಲೇ ಎತ್ತಿಟ್ಟ ಹಣ ಇರಬೇಕು. ದಿನವೂ ಒಂದಿಷ್ಟು ಬರುವ ಕಡೆ ಇಂಥ ಖರ್ಚು ಅಷ್ಟಾಗಿ ಬಾಧಿಸದು, ಆದರೆ ಒಂದನೇ ತಾರೀಕಿನ ದೊಡ್ಡ ಖರ್ಚಿಗೆ ಹಿಂದಿನ ಎರಡು ವಾರದ ವಸೂಲಿಯನ್ನು ಮುಟ್ಟದೆ ಕಾಯ್ದಿಟ್ಟಿರಬೇಕು.

ಕಾಗದದ ಲೆಕ್ಕಕ್ಕೂ ನಿಜಕ್ಕೂ ವ್ಯತ್ಯಾಸ ಬರುವುದು ಒಂದು ಕಾರಣಕ್ಕೆ. ಹಣ ಬರುವ ದಿನವನ್ನು ನಿರ್ಧರಿಸುವುದು ಬಿಲ್ಲಿನ ತಾರೀಕಲ್ಲ, ಗ್ರಾಹಕನ ಕೈಗೆ ಹಣ ಬರುವ ದಿನ. 26ಕ್ಕೆ ಬಿಲ್ಲು ಬರುವ ಸಂಬಳದಾರರಲ್ಲಿ ಅನೇಕರು ಸಂಬಳ ಆದ ಮೇಲೇ ಕಟ್ಟುತ್ತಾರೆ. ಯುಪಿಐ ಆಟೋಪೇ ಹಾಕಿಸಿದ್ದರೂ ಕಡಿತಕ್ಕೆ ಒಂದು ದಿನ ಮೊದಲು ಸೂಚನೆ ಹೋಗುತ್ತದೆ, ಖಾತೆಯಲ್ಲಿ ಹಣ ಇಲ್ಲದಿದ್ದರೆ ಕಡಿತ ವಿಫಲವಾಗುತ್ತದೆ. ಹೀಗಾಗಿ ಸೇರಿದ ತಾರೀಕಿನ ಪದ್ಧತಿಯಲ್ಲೂ ವಸೂಲಿ ತಿಂಗಳ ಮೊದಲ ವಾರದ ಕಡೆಗೇ ವಾಲುತ್ತದೆ, ಕೊನೆಯ ವಾರದ ಬಿಲ್ಲುಗಳು ಬಾಕಿಯಾಗಿ ಕಾಣುತ್ತವೆ. ತಮ್ಮ ಊರಿನಲ್ಲಿ ಇದು ಎಷ್ಟರ ಮಟ್ಟಿಗೆ ಎಂದು ತಿಳಿಯಲು ಆಪರೇಟರ್ ಮೂರು ತಿಂಗಳ ರಸೀದಿ ತೆಗೆದು, ಪ್ರತಿ ಬಿಲ್ಲಿಗೂ ಹಣ ಬಂದದ್ದು ಎಷ್ಟು ದಿನ ತಡವಾಗಿ ಎಂದು ನೋಡಿದರೆ ಸಾಕು. ವ್ಯಾಪಾರಿಗಳೇ ಹೆಚ್ಚಿರುವ ಬೀದಿಯಲ್ಲಿ ಈ ತಡ ಅಷ್ಟಿರುವುದಿಲ್ಲ.

ತಡವಾಗಿ ಕಟ್ಟುವವನ ತಾರೀಕು ಜಾರಬೇಕೇ ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. 17ಕ್ಕೆ ನೆಟ್ ಕಟ್ ಆಗಿ, 22ಕ್ಕೆ ಹಣ ಕಟ್ಟಿದವನ ಹೊಸ ತಿಂಗಳು 22ರಿಂದ ಶುರುವಾದರೆ ಅವನಿಗೆ ದೂರಿಲ್ಲ. ಆದರೆ ಪ್ರತಿ ಸಲ ಹೀಗೇ ಐದು ದಿನ ಜಾರಿದರೆ ಅವನ ತಿಂಗಳು 35 ದಿನದ್ದಾಗುತ್ತದೆ, ವರ್ಷಕ್ಕೆ 12 ಸಲ ಬರಬೇಕಾದ ಹಣ 10 ಅಥವಾ 11 ಸಲ ಬರುತ್ತದೆ. ಬ್ಯಾಂಡ್‌ವಿಡ್ತಿನ ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ. ತಾರೀಕನ್ನು 17ಕ್ಕೇ ಹಿಡಿದಿಟ್ಟರೆ "ಐದು ದಿನ ನೆಟ್ಟೇ ಇರ್ಲಿಲ್ಲ, ಪೂರಾ ದುಡ್ಡು ಯಾಕೆ ಕೊಡ್ಬೇಕು?" ಎಂಬ ಮಾತು ಕೇಳಬೇಕಾಗುತ್ತದೆ, ಆ ಮಾತಿನಲ್ಲಿ ನ್ಯಾಯವೂ ಇದೆ. ಕಟ್ ಮಾಡುವ ಮೊದಲು ಮೂರು ದಿನ ಗಡುವು ಕೊಟ್ಟು, ಆ ದಿನಗಳಲ್ಲಿ ಸೇವೆ ನಡೆಸಿ, ತಾರೀಕನ್ನು ಕದಲಿಸದೆ ಇಡುವುದು ಇಬ್ಬರಿಗೂ ಒಪ್ಪುವ ದಾರಿ. ಗಡುವನ್ನೂ ಮೀರಿ ಕಟ್ ಆದವನಿಗೆ ಮಾತ್ರ ಹೊಸ ತಾರೀಕು.

ತೆರಿಗೆಯ ಕಡೆಯಿಂದ ಕ್ಯಾಲೆಂಡರ್ ಪದ್ಧತಿಗೆ ಒಂದು ಸಣ್ಣ ಅನುಕೂಲವಿದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಜುಲೈನಲ್ಲಿ ಹಾಕಿದ ಬಿಲ್ಲುಗಳ ಜಿಎಸ್‌ಟಿಯನ್ನು ಆಗಸ್ಟ್ 20ರೊಳಗೆ ಕಟ್ಟಬೇಕು. ಜುಲೈ 1ರ ಬಿಲ್ಲಿನ ತೆರಿಗೆಗೆ 50 ದಿನ ಸಮಯ ಸಿಗುತ್ತದೆ, ಜುಲೈ 28ರ ಬಿಲ್ಲಿಗೆ 23 ದಿನ. ಗ್ರಾಹಕ ಹಣ ಕಟ್ಟದಿದ್ದರೂ ಬಿಲ್ಲು ಹಾಕಿದ ಮೇಲೆ ತೆರಿಗೆ ತಪ್ಪದು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗಲೂ ಕ್ಯಾಲೆಂಡರ್ ಬಿಲ್ಲುಗಳು ಅಂದಿಗೇ ಮುಗಿದಿರುತ್ತವೆ. ಸೇರಿದ ತಾರೀಕಿನವರಲ್ಲಿ ಸರಾಸರಿ ಅರ್ಧ ತಿಂಗಳ ಹಣ, ನಮ್ಮ ಉದಾಹರಣೆಯಲ್ಲಿ ಸುಮಾರು ಒಂದೂವರೆ ಲಕ್ಷ, ಏಪ್ರಿಲ್‌ನಲ್ಲಿ ಕೊಡಬೇಕಾದ ಸೇವೆಗೆ ಪಡೆದ ಮುಂಗಡ. ಅದನ್ನು ಲಾಭವೆಂದು ಬರೆದುಕೊಳ್ಳುವ ಹಾಗಿಲ್ಲ.

ಆಫೀಸಿನ ಕೆಲಸದ ಒತ್ತಡ ನೋಡಿದರೆ, 600 ಬಿಲ್ಲು ಒಂದೇ ದಿನ ಹೋದಾಗ ಮೊದಲ ಹತ್ತು ದಿನ ಫೋನಿಗೆ ಬಿಡುವಿರುವುದಿಲ್ಲ, ಆಮೇಲೆ ಮೌನ. ಇಬ್ಬರೇ ಕೆಲಸಗಾರರಿರುವ ಕಡೆ ಆ ಹತ್ತು ದಿನ ಲೈನ್ ರಿಪೇರಿಯೂ ಹಿಂದೆ ಬೀಳುತ್ತದೆ. ದೊಡ್ಡ ಪೋಸ್ಟ್‌ಪೇಯ್ಡ್ ಕಂಪನಿಗಳು ಗ್ರಾಹಕರನ್ನು ಕೆಲವು ತಾರೀಕುಗಳ ಗುಂಪುಗಳಾಗಿ ಹಂಚುವುದು ಈ ಒತ್ತಡ ಹರಡಲೆಂದೇ. ಸಣ್ಣವರಿಗೆ 1 ಮತ್ತು 10 ಎಂಬ ಎರಡು ತಾರೀಕು ಸಾಕು, ಯಾವುದು ಬೇಕೆಂದು ಗ್ರಾಹಕನೇ ಹೇಳಲಿ. ಕ್ರೆಡಿಟ್ ಕಾರ್ಡಿನವರು ಬಿಲ್ಲಿನ ತಾರೀಕನ್ನು ಬದಲಿಸಿಕೊಳ್ಳಲು ಗ್ರಾಹಕರಿಗೆ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕೇ 2022ರಲ್ಲಿ ನಿರ್ದೇಶಿಸಿದೆ.

ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಹೋಗುವಾಗ ಎಚ್ಚರ ಬೇಕು. ಸೆಪ್ಟೆಂಬರ್ 1ರಿಂದ ಎಲ್ಲರನ್ನೂ ಕ್ಯಾಲೆಂಡರಿಗೆ ತರಬೇಕೆಂದರೆ, 17ರ ಗ್ರಾಹಕನಿಗೆ ಆಗಸ್ಟ್ 17ರಿಂದ 31ರವರೆಗೆ 15 ದಿನದ ಬಿಲ್ಲು ಹಾಕಬೇಕು: 241.94 ರೂಪಾಯಿ, ತೆರಿಗೆ ಸೇರಿ 285.49. ಎಲ್ಲರ ಬಿಲ್ಲೂ ಹೀಗೆ ತುಂಡಾಗುವುದರಿಂದ ಆಗಸ್ಟ್‌ನಲ್ಲಿ ಬರುವುದು ಎಂದಿನ ಹಣದ ಅರ್ಧದಷ್ಟು ಮಾತ್ರ. ಸೆಪ್ಟೆಂಬರ್ ಮೊದಲ ವಾರದಲ್ಲಿ ಪೂರ್ತಿ ತಿಂಗಳ ಹಣ ಒಟ್ಟಿಗೆ ಬಂದು ಇದು ಸರಿಹೋಗುತ್ತದೆ, ನಷ್ಟವೇನೂ ಇಲ್ಲ. ಆದರೆ ಆಗಸ್ಟ್ ಕೊನೆಯವರೆಗೆ ತಡೆದುಕೊಳ್ಳಲು ಕೈಯಲ್ಲಿ ಸುಮಾರು ಒಂದೂವರೆ ಲಕ್ಷ ಇರಬೇಕು. ಅದಿಲ್ಲವೆಂದು ತುಂಡು ಬಿಲ್ಲಿಗೆ ಸೆಪ್ಟೆಂಬರ್ ಹಣವನ್ನೂ ಸೇರಿಸಿ ಕೇಳಿದರೆ 600 ಮನೆಗಳಿಗೂ ಒಮ್ಮೆಲೇ ದೊಡ್ಡ ಬಿಲ್ಲು ಹೋಗುತ್ತದೆ. ಅದರ ಬದಲು ಒಂದು ವಾರ್ಡಿನಿಂದ ಶುರುಮಾಡಿ ನಾಲ್ಕು ತಿಂಗಳಲ್ಲಿ ಮುಗಿಸಿದರೆ ಪ್ರತಿ ತಿಂಗಳ ಕೊರತೆ 40,000ದ ಆಸುಪಾಸಿನಲ್ಲಿ ನಿಲ್ಲುತ್ತದೆ.